ಅದೇ "2", ಬೇರೆ ಕಾರ್ಬನ್

ಸಾವಯವ ರಸಾಯನಶಾಸ್ತ್ರದ ಬಹು ಆಯ್ಕೆ ಪ್ರಶ್ನೆಯಲ್ಲಿ ತಪ್ಪು ಉತ್ತರಗಳು ಸುಮ್ಮನೆ ಹುಟ್ಟುವುದಿಲ್ಲ. ಒಳ್ಳೆಯ ಪ್ರಶ್ನೆ ತಯಾರಿಸುವ ಅಧ್ಯಾಪಕರಿಗೆ ವಿದ್ಯಾರ್ಥಿಗಳು ಎಲ್ಲೆಲ್ಲಿ ಎಡವುತ್ತಾರೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಒಬ್ಬರು ಮಾಧ್ಯಮ ಆಮ್ಲದ್ದು ಎಂಬುದನ್ನೇ ಮರೆಯುತ್ತಾರೆ, ಇನ್ನೊಬ್ಬರು ಕಾರ್ಬನ್‌ಗಳ ಲೆಕ್ಕ ತಪ್ಪುತ್ತಾರೆ, ಮತ್ತೊಬ್ಬರು ಬಾಯಿಪಾಠದ ನಿಯಮವೊಂದನ್ನು ಹೊಂದದ ಜಾಗಕ್ಕೆ ಹೊಂದಿಸುತ್ತಾರೆ. ಈ ಒಂದೊಂದು ಎಡವಟ್ಟೂ ಒಂದೊಂದು ಆಯ್ಕೆಯಾಗಿ ಪ್ರಶ್ನೆಪತ್ರಿಕೆಗೆ ಬರುತ್ತದೆ. ಹಾಗಾಗಿ ತಪ್ಪು ಆಯ್ಕೆಯನ್ನು ತೆಗೆದುಹಾಕುವುದೆಂದರೆ ಅದು ಯಾವ ಹೆಜ್ಜೆಯಲ್ಲಿ ಮುರಿದುಬೀಳುತ್ತದೆ ಎಂದು ಬೆರಳಿಟ್ಟು ತೋರಿಸುವುದು. ಅದಕ್ಕೂ ಊಹೆಗೂ ಬಹಳ ದೂರ.

ಈ ಕೆಲಸಕ್ಕೆ ಸಿಗುವ ಬೆಲೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ನೀಟ್ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಕಣ್ಣು ಮುಚ್ಚಿಕೊಂಡು ನಾಲ್ಕರಲ್ಲಿ ಒಂದನ್ನು ಗುರುತಿಸಿದರೆ ಸರಾಸರಿ ಸಿಗುವುದು ಕಾಲು ಅಂಕ. ಎರಡನ್ನು ಖಚಿತವಾಗಿ ಹೊಡೆದುಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಅದೇ ಸರಾಸರಿ ಒಂದೂವರೆ ಅಂಕಕ್ಕೆ ಏರುತ್ತದೆ. ಕರ್ನಾಟಕದ ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ಆದರೆ ಅಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ, ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಇಡೀ ಕ್ರಿಯಾವಿಧಿಯನ್ನು ಬರೆದು ನೋಡಲು ಅಷ್ಟು ಹೊತ್ತು ಸಾಲದು. ಆಯ್ಕೆಯೊಂದು ಎಲ್ಲಿ ಮುರಿಯುತ್ತದೆ ಎಂದು ಕಂಡುಕೊಳ್ಳಲು ಬೇಕಾದಷ್ಟಾಯಿತು.

ಪಿಯುಸಿ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ಒಂದು ಕ್ರಿಯೆಯನ್ನೇ ತೆಗೆದುಕೊಳ್ಳಬಹುದು. 3-ಮೀಥೈಲ್‌ಬ್ಯೂಟೇನ್-2-ಆಲ್ ಎಂಬ ಆಲ್ಕೊಹಾಲಿಗೆ HBr ಸೇರಿಸಿದರೆ 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್ ಸಿಗುತ್ತದೆ. ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲಿ ಇದರ ಕ್ರಿಯಾವಿಧಿ ಬರೆಯಲು ಕೇಳಿದ್ದಾರೆ. ಅದನ್ನೇ ಬಹು ಆಯ್ಕೆ ಪ್ರಶ್ನೆಯಾಗಿ ಮಾಡಿದರೆ ನಾಲ್ಕು ಆಯ್ಕೆಗಳು ಹೀಗಿರಬಹುದು.

ಎ: ಬ್ರೋಮೈಡ್ ಅಯಾನು ಹಿಂಬದಿಯಿಂದ ಬಂದು ಒಂದೇ ಹೆಜ್ಜೆಯಲ್ಲಿ OH⁻ ಅನ್ನು ಹೊರದೂಡುತ್ತದೆ. ಬಿ: ಆಲ್ಕೊಹಾಲ್ ಮೊದಲು ಪ್ರೋಟಾನ್ ಕಳೆದುಕೊಂಡು ಆಲ್ಕಾಕ್ಸೈಡ್ ಆಗುತ್ತದೆ, ಆಮೇಲೆ ಬ್ರೋಮೈಡ್ ಆ ಜಾಗಕ್ಕೆ ಬರುತ್ತದೆ. ಸಿ: ಆಲ್ಕೊಹಾಲ್ ಪ್ರೋಟಾನ್ ಪಡೆಯುತ್ತದೆ, ನೀರು ಹೊರಹೋಗುತ್ತದೆ, 3ನೇ ಕಾರ್ಬನ್ನಿನ ಮೀಥೈಲ್ ಗುಂಪು 2ಕ್ಕೆ ಸರಿಯುತ್ತದೆ, ಬಳಿಕ ಬ್ರೋಮೈಡ್ ಸೇರುತ್ತದೆ. ಡಿ: ಸಿಯ ಹಾಗೆಯೇ, ಆದರೆ ಸರಿಯುವುದು ಮೀಥೈಲ್ ಅಲ್ಲ, 3ನೇ ಕಾರ್ಬನ್ನಿನ ಹೈಡ್ರೋಜನ್, ಅದೂ ತನ್ನ ಎಲೆಕ್ಟ್ರಾನ್ ಜೋಡಿಯ ಸಮೇತ, ಅಂದರೆ ಹೈಡ್ರೈಡ್ ಆಗಿ.

ಮೊದಲು ಬೀಳುವುದು ಬಿ. HBr ಪ್ರಬಲ ಆಮ್ಲ. ಅದರ ನಡುವೆ ಆಲ್ಕೊಹಾಲ್ ತನ್ನ ಪ್ರೋಟಾನನ್ನು ಬಿಟ್ಟುಕೊಡುವುದಿಲ್ಲ, ಬದಲಿಗೆ ಇನ್ನೊಂದನ್ನು ಪಡೆಯುತ್ತದೆ. ಆಲ್ಕಾಕ್ಸೈಡ್ ಪ್ರಬಲ ಪ್ರತ್ಯಾಮ್ಲ. ಅಂಥದ್ದೊಂದು ಪ್ರಬಲ ಆಮ್ಲದೊಳಗೆ ಒಂಟಿಯಾಗಿ ಉಳಿಯಲಾರದು. ಇನ್ನೂ ಒಂದು ತೊಡಕಿದೆ. ಆಲ್ಕಾಕ್ಸೈಡಿನ ಜಾಗಕ್ಕೆ ಬ್ರೋಮೈಡ್ ಬರಬೇಕಾದರೆ ಆಮ್ಲಜನಕವು ಎರಡು ಋಣ ಆವೇಶ ಹೊತ್ತುಕೊಂಡು ಹೊರಬೀಳಬೇಕು. ಆವೇಶದ ಲೆಕ್ಕವೊಂದನ್ನೇ ನೋಡಿದರೂ ಈ ಆಯ್ಕೆ ನಿಲ್ಲುವುದಿಲ್ಲ.

ಎ ಆಯ್ಕೆಯಲ್ಲಿ ಇದೇ ದೋಷ ಸ್ವಲ್ಪ ಮರೆಯಾಗಿದೆ. ಹೊರಹೋಗುವುದು OH⁻ ಎಂದು ಅದು ಹೇಳುತ್ತದೆ. ಹೈಡ್ರಾಕ್ಸೈಡ್ ಸುಲಭವಾಗಿ ಬಿಟ್ಟುಹೋಗುವ ಗುಂಪಲ್ಲ. ಆಮ್ಲ ಬೇಕಾಗುವುದೇ ಅದಕ್ಕೆ: OH ಗುಂಪಿಗೆ ಪ್ರೋಟಾನ್ ಅಂಟಿದಾಗ ಅದು ನೀರಿನ ಅಣುವಾಗಿ ಹಗುರಾಗಿ ಕಳಚಿಕೊಳ್ಳುತ್ತದೆ. ಆಮ್ಲದ ಮಾಧ್ಯಮದ ಕ್ರಿಯಾವಿಧಿಯಲ್ಲಿ ಹೊರಹೋಗುವ ಗುಂಪು OH⁻ ಎಂದು ಕಂಡರೆ ಆ ಆಯ್ಕೆಯನ್ನು ಅಲ್ಲಿಯೇ ಅನುಮಾನಿಸಬೇಕು.

ಎ ಆಯ್ಕೆಯಲ್ಲಿ ಇನ್ನೊಂದು ಬಿರುಕೂ ಇದೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ಆಲ್ಕೊಹಾಲಿನ ಹೆಸರಿನಲ್ಲಿ OH ಇರುವುದು 2ನೇ ಕಾರ್ಬನ್ನಿನಲ್ಲಿ. ಉತ್ಪನ್ನದ ಹೆಸರಿನಲ್ಲಿ ಬ್ರೋಮಿನ್ ಕೂಡ 2ನೇ ಕಾರ್ಬನ್ನಿನಲ್ಲಿ. ಹೆಸರನ್ನಷ್ಟೇ ಓದಿದವರಿಗೆ OH ಹೋದ ಜಾಗಕ್ಕೇ Br ಬಂತು ಎನಿಸುತ್ತದೆ, ಎ ಸರಿಯೆಂದು ತೋರುತ್ತದೆ. ಅಣುಗಳನ್ನು ಒಂದರ ಕೆಳಗೊಂದು ಬರೆದರೆ ವಿಷಯ ಬೇರೆ:

ಆಲ್ಕೊಹಾಲ್: CH₃–CH(OH)–CH(CH₃)–CH₃
ಉತ್ಪನ್ನ: CH₃–CH₂–CBr(CH₃)–CH₃

ಎಡದಿಂದ ಎಣಿಸಿದರೆ ಬ್ರೋಮಿನ್ ಕೂತಿರುವುದು ಮೂರನೇ ಕಾರ್ಬನ್ನಿನ ಮೇಲೆ. ಹೆಸರಿಡುವಾಗ ಚಿಕ್ಕ ಸಂಖ್ಯೆ ಬರುವ ತುದಿಯಿಂದ ಎಣಿಸಬೇಕೆಂಬ ನಿಯಮವಿರುವುದರಿಂದ ಉತ್ಪನ್ನವನ್ನು ಬಲಗಡೆಯಿಂದ ಎಣಿಸಿದ್ದಾರೆ, ಅದಕ್ಕೇ ಅಲ್ಲಿಯೂ "2" ಬಂದಿದೆ. ಸಂಖ್ಯೆ ಒಂದೇ, ಕಾರ್ಬನ್ ಬೇರೆ. ಬ್ರೋಮೈಡ್ ಹಿಂಬದಿಯಿಂದ ಬಂದು OH ಇದ್ದ ಕಾರ್ಬನ್ನಿಗೇ ಸೇರಿದ್ದರೆ ಸಿಗಬೇಕಾಗಿದ್ದುದು 2-ಬ್ರೋಮೋ-3-ಮೀಥೈಲ್‌ಬ್ಯೂಟೇನ್. ಅದು ಬೇರೆಯೇ ವಸ್ತು. ಆದ್ದರಿಂದ ಕ್ರಿಯಾವಿಧಿಯ ಪ್ರಶ್ನೆಯಲ್ಲಿ ಹೆಸರುಗಳನ್ನು ಹೋಲಿಸಬಾರದು. ಎರಡೂ ಅಣುಗಳನ್ನು ಒಂದೇ ದಿಕ್ಕಿನಲ್ಲಿ ಬರೆದು, ಕಾರ್ಬನ್ನುಗಳಿಗೆ ತಮ್ಮದೇ ಗುರುತು ಹಾಕಿಕೊಂಡು ನೋಡಬೇಕು. ಕಚ್ಚಾ ಹಾಳೆಯ ಮೂಲೆಯಲ್ಲಿ ಈ ಎರಡು ಸಾಲು ಗೀಚಲು ಹತ್ತು ಸೆಕೆಂಡು ಸಾಕು.

ಉಳಿದದ್ದು ಸಿ ಮತ್ತು ಡಿ. ಎರಡರಲ್ಲೂ ಮೊದಲ ಹೆಜ್ಜೆಗಳು ಸರಿಯಾಗಿವೆ: ಪ್ರೋಟಾನ್ ಬಂತು, ನೀರು ಹೋಯಿತು, 2ನೇ ಕಾರ್ಬನ್ನಿನ ಮೇಲೆ ಧನ ಆವೇಶ ಉಳಿಯಿತು. ಈ ಕಾರ್ಬೊಕ್ಯಾಟಯಾನಿಗೆ ಆಸರೆಯಾಗಿ ಎರಡೇ ಕಾರ್ಬನ್‌ಗಳಿವೆ, ಅದು ದ್ವಿತೀಯಕ. ಪಕ್ಕದ ಕಾರ್ಬನ್ನಿನಿಂದ ಏನಾದರೂ ಸರಿದು ಆವೇಶ ಆ ಕಡೆಗೆ ಹೋದರೆ ಅದು ತೃತೀಯಕವಾಗಿ, ಹೆಚ್ಚು ಸ್ಥಿರವಾಗಬಹುದು. ಇಂಥ ಸ್ಥಾನಪಲ್ಲಟಗಳನ್ನೆಲ್ಲ ಧನ ಆವೇಶದ ಕಾರ್ಬನ್ನಿನ ಮೂಲಕವೇ ವಿವರಿಸಬಹುದೆಂದು ಅಮೆರಿಕದ ಫ್ರಾಂಕ್ ವಿಟ್ಮೋರ್ 1932ರಲ್ಲಿ ವಾದಿಸಿದರು. ಕ್ಷಣಮಾತ್ರ ಇದ್ದು ಮಾಯವಾಗುವ ಈ ಕ್ಯಾಟಯಾನುಗಳನ್ನು ಅತಿಪ್ರಬಲ ಆಮ್ಲಗಳಲ್ಲಿ ಹಿಡಿದು ನಿಲ್ಲಿಸಿ ಅಧ್ಯಯನ ಮಾಡಿದ ಜಾರ್ಜ್ ಓಲಾ ಅವರಿಗೆ 1994ರ ನೊಬೆಲ್ ಬಂತು.

ಈಗ ಸಿ ಹೇಳಿದಂತೆ ಮೀಥೈಲನ್ನು ಸರಿಸಿ ನೋಡಬೇಕು. ಸರಿಯುವ ಮೊದಲು 2ನೇ ಕಾರ್ಬನ್ನಿಗೆ ಒಂದು ಮೀಥೈಲ್, ಒಂದು ಹೈಡ್ರೋಜನ್. 3ನೇ ಕಾರ್ಬನ್ನಿಗೆ ಎರಡು ಮೀಥೈಲ್, ಒಂದು ಹೈಡ್ರೋಜನ್. ಒಂದು ಮೀಥೈಲ್ ಆಚೆಯಿಂದ ಈಚೆಗೆ ಬಂದರೆ 2ನೇ ಕಾರ್ಬನ್ನಿಗೆ ಎರಡು ಮೀಥೈಲ್, ಒಂದು ಹೈಡ್ರೋಜನ್ ಆಗುತ್ತದೆ, 3ನೇ ಕಾರ್ಬನ್ನಿಗೆ ಒಂದು ಮೀಥೈಲ್, ಒಂದು ಹೈಡ್ರೋಜನ್, ಜೊತೆಗೆ ಆವೇಶ. ಅಂದರೆ ಹೊರಟಲ್ಲಿಗೇ ಬಂದು ನಿಂತಂತಾಯಿತು! ಎಡಬಲ ತಿರುಗಿದ ಅದೇ ದ್ವಿತೀಯಕ ಕ್ಯಾಟಯಾನ್ ಇದು. ಇದಕ್ಕೆ ಬ್ರೋಮೈಡ್ ಸೇರಿದರೆ ಸಿಗುವುದು ಮತ್ತೆ 2-ಬ್ರೋಮೋ-3-ಮೀಥೈಲ್‌ಬ್ಯೂಟೇನ್ ಮಾತ್ರ. ಸಿ ಬಿತ್ತು. ಹೈಡ್ರೈಡ್ ಸರಿದರೆ 3ನೇ ಕಾರ್ಬನ್ನಿಗೆ ಎರಡು ಮೀಥೈಲ್ ಮತ್ತು ಒಂದು ಈಥೈಲ್ ಗುಂಪಿನ ಆಸರೆ ಸಿಗುತ್ತದೆ. ಅದು ತೃತೀಯಕ ಕ್ಯಾಟಯಾನ್, ಅಲ್ಲಿಗೆ ಬ್ರೋಮೈಡ್ ಸೇರಿದರೆ ಪ್ರಶ್ನೆಯಲ್ಲಿ ಕೊಟ್ಟ ಉತ್ಪನ್ನ. ಉತ್ತರ ಡಿ.

ಇದರಿಂದ "ಮೀಥೈಲ್ ಸರಿಯುವ ಆಯ್ಕೆ ಯಾವಾಗಲೂ ತಪ್ಪು" ಎಂದು ಬರೆದಿಟ್ಟುಕೊಂಡರೆ ಮುಂದಿನ ಪ್ರಶ್ನೆಯಲ್ಲೇ ಪೆಟ್ಟು ಬೀಳುತ್ತದೆ. 3,3-ಡೈಮೀಥೈಲ್‌ಬ್ಯೂಟೇನ್-2-ಆಲ್‌ನಲ್ಲಿ 3ನೇ ಕಾರ್ಬನ್ನಿನ ಮೇಲೆ ಹೈಡ್ರೋಜನ್ನೇ ಇಲ್ಲ, ಮೂರೂ ಮೀಥೈಲ್‌ಗಳು. ಅಲ್ಲಿ ಅದೇ ಸ್ಥಾನದಿಂದ ಹೈಡ್ರೈಡ್ ಸರಿಯುತ್ತದೆ ಎನ್ನುವ ಆಯ್ಕೆಯನ್ನೇ ಮೊದಲು ಹೊಡೆಯಬೇಕು. ಮೀಥೈಲ್ ಸರಿದಾಗ ತೃತೀಯಕ ಕ್ಯಾಟಯಾನ್ ಸಿಗುತ್ತದೆ, ಬ್ರೋಮೈಡ್ ಸೇರಿ 2-ಬ್ರೋಮೋ-2,3-ಡೈಮೀಥೈಲ್‌ಬ್ಯೂಟೇನ್ ಆಗುತ್ತದೆ. ಯಾವುದು ಸರಿಯುತ್ತದೆ ಎಂಬ ಪ್ರಶ್ನೆಗೆ ನಿಯಮದಲ್ಲಿ ಉತ್ತರವಿಲ್ಲ, ಪಕ್ಕದ ಕಾರ್ಬನ್ನಿನ ಮೇಲೆ ಏನೇನಿದೆ ಎಂಬುದರಲ್ಲಿದೆ.

ಮಾಧ್ಯಮ ನೋಡಿ ಆಯ್ಕೆ ಹೊಡೆಯುವ ಉಪಾಯಕ್ಕೂ ಒಂದು ಎಲ್ಲೆಯಿದೆ. ಆಮ್ಲದಲ್ಲಿ ಆಲ್ಕಾಕ್ಸೈಡ್ ಸಲ್ಲದು ಎಂದು ಕಲಿತವರು, ಅದರ ತಿರುವುಮುರುವಾಗಿ, ಪ್ರತ್ಯಾಮ್ಲದಲ್ಲಿ ಕಾರ್ಬೊಕ್ಯಾಟಯಾನ್ ಸಲ್ಲದು ಎಂದೂ ತೀರ್ಮಾನಿಸಿಬಿಡುತ್ತಾರೆ. ಆದರೆ ಟರ್ಷಿಯರಿ ಬ್ಯೂಟೈಲ್ ಬ್ರೋಮೈಡ್ ಹೈಡ್ರಾಕ್ಸೈಡ್ ಜೊತೆ ವರ್ತಿಸಿ ಆಲ್ಕೊಹಾಲ್ ಆಗುವಾಗ ಪುಸ್ತಕವೇ ಕೊಡುವ ದಾರಿ ಕಾರ್ಬೊಕ್ಯಾಟಯಾನಿನದು. ಬ್ರೋಮೈಡ್ ತಾನಾಗಿ ಕಳಚಿಕೊಳ್ಳುವ ನಿಧಾನದ ಹೆಜ್ಜೆಯಲ್ಲಿ ಹೈಡ್ರಾಕ್ಸೈಡಿನ ಪಾತ್ರವೇ ಇಲ್ಲ. ಪ್ರತ್ಯಾಮ್ಲದ ದ್ರಾವಣದಲ್ಲಿ ನಿಜವಾಗಿ ಅನುಮಾನಿಸಬೇಕಾದದ್ದು ಪ್ರೋಟಾನ್ ಹೊತ್ತ ಆಲ್ಕೊಹಾಲ್ ಒಂದು ಹೆಜ್ಜೆಯಿಂದ ಮುಂದಿನ ಹೆಜ್ಜೆಗೆ ಹಾಗೆಯೇ ದಾಟಿಹೋಗುವುದನ್ನು.

ಮತ್ತೂ ಒಂದು ಕಡೆ ಜಾಗ್ರತೆ ಬೇಕು. ಮೊದಲಿನ ಪ್ರಶ್ನೆಗೆ ಇನ್ನೊಂದು ಆಯ್ಕೆ ಇತ್ತೆಂದು ಇಟ್ಟುಕೊಳ್ಳಬಹುದು: ಆಲ್ಕೊಹಾಲ್ ನೀರು ಕಳೆದುಕೊಂಡು 2-ಮೀಥೈಲ್‌ಬ್ಯೂಟ್-2-ಈನ್ ಎಂಬ ಆಲ್ಕೀನ್ ಆಗುತ್ತದೆ, ಅದಕ್ಕೆ HBr ಸೇರುತ್ತದೆ. ಮಾರ್ಕೊವ್ನಿಕೊವ್ ನಿಯಮದಂತೆ ಆ ದಾರಿಯಲ್ಲೂ ಸಿಗುವುದು ಅದೇ 2-ಬ್ರೋಮೋ-2-ಮೀಥೈಲ್‌ಬ್ಯೂಟೇನ್. ಉತ್ಪನ್ನವನ್ನಷ್ಟೇ ನೋಡಿ ಈ ಆಯ್ಕೆಯನ್ನು ತೆಗೆದುಹಾಕಲು ಆಗುವುದಿಲ್ಲ. ಪ್ರಯೋಗಾಲಯದಲ್ಲಾದರೆ 3ನೇ ಕಾರ್ಬನ್ನಿನ ಹೈಡ್ರೋಜನ್ ಜಾಗಕ್ಕೆ ಅದರ ಭಾರದ ಐಸೊಟೋಪ್ ಡ್ಯುಟೀರಿಯಂ ಇಟ್ಟು ಕ್ರಿಯೆ ನಡೆಸಬಹುದು. ನೇರವಾಗಿ ಹೈಡ್ರೈಡ್ ಸರಿದಿದ್ದರೆ ಡ್ಯುಟೀರಿಯಂ 2ನೇ ಕಾರ್ಬನ್ನಿನ ಮೇಲೆ ಸಿಗುತ್ತದೆ. ಆಲ್ಕೀನಿನ ದಾರಿಯಲ್ಲಾದರೆ ಅದು ಅಣುವನ್ನು ಬಿಟ್ಟು ದ್ರಾವಣಕ್ಕೆ ಹೋಗಿರುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಆ ಅನುಕೂಲವಿಲ್ಲ, ಅಲ್ಲಿ ಸುಳಿವು ಕೊಡುವುದು ಪ್ರಶ್ನೆಯ ಪದಗಳೇ. HBr ಬದಲು "ಸಾಂದ್ರ ಸಲ್ಫ್ಯೂರಿಕ್ ಆಮ್ಲ, ಶಾಖ" ಎಂದಿದ್ದರೆ ಕ್ಯಾಟಯಾನಿಗೆ ಅಂಟಿಕೊಳ್ಳಲು ಬ್ರೋಮೈಡಿನಂಥ ಒಳ್ಳೆಯ ನ್ಯೂಕ್ಲಿಯೊಫೈಲ್ ಇರುವುದಿಲ್ಲ. ಆಗ ಕ್ಯಾಟಯಾನ್ ಪ್ರೋಟಾನ್ ಕಳೆದುಕೊಂಡು ಆಲ್ಕೀನ್ ಆಗಿಯೇ ನಿಲ್ಲುತ್ತದೆ, ಮುಖ್ಯ ಉತ್ಪನ್ನವಾಗಿ ಗುರುತಿಸಬೇಕಾದದ್ದು 2-ಮೀಥೈಲ್‌ಬ್ಯೂಟ್-2-ಈನ್.