ಹಣ ಬಂದಿದೆ ಸರಿ, ಅದು ಸಾಲವೋ ಮಾರಾಟವೋ? – ಫ್ಯಾಕ್ಟರಿಂಗ್ ಪಾಠದ ಟಿಪ್ಪಣಿ

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದವರಿಗೆ ಬೇಸಿಕ್ ಮ್ಯಾಥ್ಸ್‌ನಲ್ಲಿ ಬಿಲ್ ಡಿಸ್ಕೌಂಟಿಂಗ್ ಎಂಬ ಪಾಠವಿದೆ. ಅಭ್ಯಾಸ ಬೋಧನೆಯಲ್ಲಿ ಆ ಪಾಠ ನನ್ನ ಪಾಲಿಗೆ ಬಂದಿತ್ತು. ಲೆಕ್ಕಗಳೆಲ್ಲ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿ, "ಮೇಡಂ, ನಮ್ಮ ಮಾವನ ವರ್ಕ್‌ಶಾಪಿನವರು ಬಿಲ್ಲನ್ನು ಫ್ಯಾಕ್ಟರಿಂಗ್‌ಗೆ ಕೊಡುತ್ತಾರಂತೆ. ಅದೂ ಇದೇನಾ?" ಎಂದು ಕೇಳಿದ. ಗಣಿತದವರಾದ ನಮಗೆ ಫ್ಯಾಕ್ಟರ್ ಎಂದರೆ ಅಪವರ್ತನವೇ ನೆನಪಾಗುತ್ತದೆ. ವ್ಯಾಪಾರದ ಭಾಷೆಯಲ್ಲಿ ಫ್ಯಾಕ್ಟರ್ ಎಂದರೆ ಇನ್ನೊಬ್ಬರ ಪರವಾಗಿ ವ್ಯವಹಾರ ನಡೆಸುವವನು. ಈಸ್ಟ್ ಇಂಡಿಯಾ ಕಂಪನಿಯ ನೌಕರರಲ್ಲಿ ಫ್ಯಾಕ್ಟರ್ ಎಂಬ ದರ್ಜೆಯೇ ಇತ್ತು, ಅವರು ಕೂತು ವ್ಯಾಪಾರ ಮಾಡುತ್ತಿದ್ದ ಕೋಠಿಗೆ ಫ್ಯಾಕ್ಟರಿ ಎನ್ನುತ್ತಿದ್ದರು. ನಮ್ಮ ಕಾರವಾರದಲ್ಲೂ 17ನೇ ಶತಮಾನದಲ್ಲಿ ಅಂಥ ಇಂಗ್ಲಿಷ್ ಕೋಠಿಯೊಂದಿತ್ತು. ಈಗ ಆ ಹೆಸರು ಉದ್ದರಿ ಬಿಲ್ಲುಗಳನ್ನು ಪಡೆದು ಮುಂಗಡ ಹಣ ಕೊಡುವ, ವಸೂಲಿಯನ್ನೂ ನೋಡಿಕೊಳ್ಳುವ ಸಂಸ್ಥೆಗಳಿಗೆ ಉಳಿದಿದೆ. ನಮ್ಮ ದೇಶದಲ್ಲಿ ಇವುಗಳಿಗಾಗಿಯೇ 2011ರ ಫ್ಯಾಕ್ಟರಿಂಗ್ ನಿಯಂತ್ರಣ ಕಾಯ್ದೆ ಇದೆ.

ಈ ವಿಷಯದಲ್ಲಿ ತರಗತಿ ನಿಜವಾಗಿ ತಡವರಿಸುವುದು ಲೆಕ್ಕದಲ್ಲಲ್ಲ, ಜರ್ನಲ್ ನಮೂದಿನಲ್ಲಿ. ಅದಕ್ಕೇ ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ.

ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್ ಇದೆ ಎಂದುಕೊಳ್ಳಿ. ಅದು ದೊಡ್ಡ ಕಂಪನಿಯೊಂದಕ್ಕೆ ₹10,00,000 ಮೌಲ್ಯದ ಬಿಡಿಭಾಗಗಳನ್ನು ಉದ್ದರಿ ಕೊಟ್ಟಿದೆ. ಹಣ ಬರಬೇಕಾದದ್ದು 73 ದಿನಗಳ ನಂತರ. (73 ವರ್ಷದ ಸರಿಯಾಗಿ ಐದನೇ ಒಂದು ಭಾಗ. ನಮ್ಮ ಪಠ್ಯಪುಸ್ತಕದ ಪ್ರೀತಿಯ ಸಂಖ್ಯೆ ಅದು.) ಅಷ್ಟರೊಳಗೆ ಕೂಲಿ, ಕರೆಂಟ್ ಬಿಲ್ಲು, ಉಕ್ಕಿನ ಹಣ ಎಲ್ಲ ಕಟ್ಟಬೇಕು. ಹಾಗಾಗಿ ಮಾಲೀಕರು ಇನ್‌ವಾಯ್ಸನ್ನು ಫ್ಯಾಕ್ಟರ್ ಸಂಸ್ಥೆಗೆ ಒಪ್ಪಿಸುತ್ತಾರೆ. ಸಂಸ್ಥೆ ಶೇ. 80ರಷ್ಟು, ಅಂದರೆ ₹8,00,000 ಮುಂಗಡ ಕೊಡುತ್ತದೆ. ಉಳಿದ ₹2,00,000 ಅದರ ಬಳಿಯೇ ಇರುತ್ತದೆ. ಇದಕ್ಕೆ ರಿಸರ್ವ್ ಎನ್ನುತ್ತಾರೆ. ಸರಕು ವಾಪಸು ಬಂದರೆ, ತೂಕದಲ್ಲೋ ಗುಣಮಟ್ಟದಲ್ಲೋ ತಕರಾರು ಎದ್ದರೆ ಇರಲಿ ಎಂದು ಹಿಡಿದಿಟ್ಟ ಹಣ. ಮುಂಗಡದ ಮೇಲೆ ವಾರ್ಷಿಕ ಶೇ. 12 ಬಡ್ಡಿ, ಇಡೀ ಬಿಲ್ಲಿನ ಮೇಲೆ ಸೇವಾ ಶುಲ್ಕ ಬೇರೆ. ಶುಲ್ಕದ ಮೇಲಿನ ಜಿಎಸ್‌ಟಿಯನ್ನು ಇಲ್ಲಿ ಬಿಟ್ಟಿದ್ದೇನೆ.

73 ದಿನಗಳ ಬಡ್ಡಿ 8,00,000 × 0.12 × 73/365 = ₹19,200. ಇಲ್ಲಿಯವರೆಗೆ ನಮ್ಮ ಗಣಿತವೇ.

ಈಗ ಮುಖ್ಯ ಪ್ರಶ್ನೆ. ಆ ದೊಡ್ಡ ಕಂಪನಿ ಹಣ ಕೊಡದೆ ಕೈಯೆತ್ತಿದರೆ ನಷ್ಟ ಯಾರ ತಲೆಯ ಮೇಲೆ? ಒಪ್ಪಂದದಲ್ಲಿ "ಖರೀದಿದಾರ ಕೊಡದಿದ್ದರೆ ಮಾರಿದವನೇ ಕೊಡಬೇಕು" ಎಂದಿದ್ದರೆ ಅದು ರಿಕೋರ್ಸ್ ಸಹಿತ ಫ್ಯಾಕ್ಟರಿಂಗ್. "ಕೊಡದಿದ್ದರೆ ನಷ್ಟ ನಮ್ಮದು, ನಿಮ್ಮನ್ನು ಕೇಳುವುದಿಲ್ಲ" ಎಂದು ಫ್ಯಾಕ್ಟರ್ ಒಪ್ಪಿದ್ದರೆ ರಿಕೋರ್ಸ್ ರಹಿತ. ಮೊದಲ ದಿನ ಎರಡರಲ್ಲೂ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. ಪಾಸ್‌ಬುಕ್ ನೋಡಿ ಯಾವುದು ಯಾವುದೆಂದು ಹೇಳಲಾಗದು. ಆದರೆ ಮೊದಲನೆಯದು ಬಿಲ್ಲನ್ನು ಅಡವಿಟ್ಟು ತಂದ ಸಾಲ, ಎರಡನೆಯದು ಬಿಲ್ಲನ್ನೇ ಮಾರಿ ತಂದ ಹಣ. ಬಂಗಾರ ಅಡವಿಟ್ಟವರೂ ಮಾರಿದವರೂ ಅಂಗಡಿಯಿಂದ ಹಣ ಹಿಡಿದೇ ಹೊರಬರುತ್ತಾರೆ. ಬಳೆ ಇನ್ನೂ ಯಾರದು ಎಂಬುದಷ್ಟೇ ಬೇರೆ ಎಂದಾಗ ತರಗತಿಗೆ ತಟ್ಟನೆ ಹಿಡಿಯಿತು.

ರಿಕೋರ್ಸ್ ಸಹಿತ ಒಪ್ಪಂದವನ್ನು ಮೊದಲು ಬರೆಯೋಣ. ಶುಲ್ಕ ಶೇ. 1, ಅಂದರೆ ₹10,000. ಅದನ್ನು ಮೊದಲ ದಿನವೇ ಹಿಡಿದುಕೊಳ್ಳುತ್ತಾರೆ, ಬಡ್ಡಿಯನ್ನು ಕೊನೆಯಲ್ಲಿ ಮುರಿದುಕೊಳ್ಳುತ್ತಾರೆ.

ಬ್ಯಾಂಕ್ ಖಾತೆ – ಡೆಬಿಟ್ 7,90,000
ಫ್ಯಾಕ್ಟರಿಂಗ್ ಶುಲ್ಕ ಖಾತೆ – ಡೆಬಿಟ್ 10,000
ಫ್ಯಾಕ್ಟರ್ ಸಾಲ ಖಾತೆ – ಕ್ರೆಡಿಟ್ 8,00,000

ಋಣಿಗಳ ಖಾತೆಯನ್ನು ಇಲ್ಲಿ ಮುಟ್ಟಿಯೇ ಇಲ್ಲ ಎಂಬುದನ್ನು ಗಮನಿಸಿ. ₹10,00,000 ಆಸ್ತಿಯ ಕಡೆ ಹಾಗೆಯೇ ಇದೆ, ₹8,00,000 ಸಾಲ ಹೊಣೆಯ ಕಡೆ ಹೊಸದಾಗಿ ಬಂದಿದೆ. ಅವಧಿ ಮುಗಿಯುವ ಹೊತ್ತಿಗೆ ಬಡ್ಡಿ ಖಾತೆಗೆ 19,200 ಡೆಬಿಟ್ ಮಾಡಿ ಫ್ಯಾಕ್ಟರ್ ಸಾಲಕ್ಕೆ ಕ್ರೆಡಿಟ್ ಕೊಟ್ಟರೆ ಸಾಲ 8,19,200 ಆಗುತ್ತದೆ. ಖರೀದಿದಾರ ಕಂಪನಿ ಪೂರ್ತಿ ಹಣವನ್ನು ಫ್ಯಾಕ್ಟರಿಗೆ ಕಟ್ಟಿದ ದಿನ ಹೀಗೆ:

ಫ್ಯಾಕ್ಟರ್ ಸಾಲ ಖಾತೆ – ಡೆಬಿಟ್ 8,19,200
ಬ್ಯಾಂಕ್ ಖಾತೆ – ಡೆಬಿಟ್ 1,80,800
ಋಣಿಗಳ ಖಾತೆ – ಕ್ರೆಡಿಟ್ 10,00,000

ಒಟ್ಟು ಕೈಗೆ ಬಂದದ್ದು 7,90,000 + 1,80,800 = 9,70,800. ಖರ್ಚಾದದ್ದು 29,200. ಮಕ್ಕಳಿಂದ ಇನ್ನೊಂದು ಹೆಜ್ಜೆ ಮಾಡಿಸಿ: 73 ದಿನ ಬಳಸಲು ಸಿಕ್ಕ ಹಣ 7,90,000, ಅದಕ್ಕೆ ತೆತ್ತದ್ದು 29,200. ಶೇಕಡಾ ಸುಮಾರು 3.7. ಐದರಿಂದ ಗುಣಿಸಿದರೆ ವರ್ಷಕ್ಕೆ ಸುಮಾರು ಶೇ. 18.5. ಕಾಗದದ ಮೇಲೆ ಶೇ. 12 ಎಂದಿದ್ದ ದರ ಶುಲ್ಕ ಸೇರಿದಾಗ ಎಲ್ಲಿಗೆ ಹೋಯಿತು ನೋಡಿ.

ಖರೀದಿದಾರ ಕೊಡದೇ ಹೋದರೆ? ವರ್ಕ್‌ಶಾಪಿನವರು ತಮ್ಮ ಬ್ಯಾಂಕಿನಿಂದ 8,19,200 ತೆಗೆದು ಫ್ಯಾಕ್ಟರಿಗೆ ಕಟ್ಟಬೇಕು: ಫ್ಯಾಕ್ಟರ್ ಸಾಲ ಡೆಬಿಟ್, ಬ್ಯಾಂಕ್ ಕ್ರೆಡಿಟ್. ಋಣಿ ಇನ್ನೂ ಪುಸ್ತಕದಲ್ಲೇ ಇದ್ದಾನೆ. ಅವನಿಂದ ಏನೂ ಬರುವುದಿಲ್ಲವೆಂದು ಖಚಿತವಾದರೆ ಆ 10,00,000 ವಸೂಲಾಗದ ಸಾಲ ಎಂದು ನಷ್ಟಕ್ಕೆ ಹೋಗುತ್ತದೆ.

ರಿಕೋರ್ಸ್ ರಹಿತವಾದರೆ ಅಪಾಯ ಹೊರುವುದು ಫ್ಯಾಕ್ಟರ್, ಆದ್ದರಿಂದ ಶುಲ್ಕ ಹೆಚ್ಚು. ಶೇ. 2.5, ಅಂದರೆ ₹25,000 ಎಂದುಕೊಳ್ಳೋಣ. ಬಡ್ಡಿಯ 19,200ನ್ನೂ ಮೊದಲೇ ಹಿಡಿದುಕೊಳ್ಳುತ್ತಾರೆ, ಖರೀದಿದಾರ ಕೊಡಲಿ ಬಿಡಲಿ ರಿಸರ್ವ್ ಹಣವನ್ನು ಗಡುವಿನ ದಿನ ಕೊಡುತ್ತಾರೆ ಎಂದುಕೊಳ್ಳಿ.

ಬ್ಯಾಂಕ್ ಖಾತೆ – ಡೆಬಿಟ್ 7,55,800
ಫ್ಯಾಕ್ಟರಿನಿಂದ ಬರಬೇಕಾದದ್ದು (ರಿಸರ್ವ್) – ಡೆಬಿಟ್ 2,00,000
ಬಿಲ್ಲು ಮಾರಾಟದ ನಷ್ಟ – ಡೆಬಿಟ್ 44,200
ಋಣಿಗಳ ಖಾತೆ – ಕ್ರೆಡಿಟ್ 10,00,000

ಈ ಸಲ ಸಾಲ ಖಾತೆಯೇ ಇಲ್ಲ. ಋಣಿ ಮೊದಲ ದಿನವೇ ಪುಸ್ತಕದಿಂದ ಹೊರಗೆ. ಬಡ್ಡಿ, ಶುಲ್ಕ ಎಂದು ಬೇರೆಬೇರೆಯಾಗಿದ್ದದ್ದು ಈಗ ಒಂದೇ ನಷ್ಟ, ಹತ್ತು ಲಕ್ಷದ ವಸ್ತುವನ್ನು 9,55,800ಕ್ಕೆ ಮಾರಿದ್ದರ ನಷ್ಟ. ಗಡುವಿನ ದಿನ ರಿಸರ್ವ್ ಬಂದಾಗ ಬ್ಯಾಂಕ್ ಡೆಬಿಟ್, ರಿಸರ್ವ್ ಕ್ರೆಡಿಟ್, ಅಷ್ಟೇ. ಖರೀದಿದಾರ ದಿವಾಳಿಯಾದರೂ ಈ ಪುಸ್ತಕದಲ್ಲಿ ಹೊಸ ನಮೂದು ಬೇಕಿಲ್ಲ.

ಎರಡು ಒಪ್ಪಂದಗಳ ವೆಚ್ಚದ ಅಂತರ 15,000. ಹತ್ತು ಲಕ್ಷದ ವಿಮೆಗೆ ಕಟ್ಟಿದ ಕಂತು ಎಂದು ಇದನ್ನು ಓದಬಹುದು. ಶೇ. 1.5, ಅಂದರೆ ಅಂಥ 67 ಬಿಲ್ಲುಗಳಲ್ಲಿ ಒಂದು ಪೂರ್ತಿ ಮುಳುಗಬಹುದೆಂಬ ಅಂದಾಜಿದ್ದರೆ ಕಂತು ಸರಿಸುಮಾರು ಸರಿಹೋಗುತ್ತದೆ. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ. ದಾಳ, ನಾಣ್ಯಗಳಿಗೂ ಒಂದು ದಿನ ರಜೆ ಸಿಗಲಿ.

ಇನ್ನು ಗೊಂದಲದ ಮೂಲಕ್ಕೆ ಬರುತ್ತೇನೆ. ಅಕೌಂಟೆನ್ಸಿಯಲ್ಲಿ ಮಕ್ಕಳು ಬಿಲ್ ಡಿಸ್ಕೌಂಟ್ ಮಾಡಿದಾಗ ಬ್ಯಾಂಕ್ ಮತ್ತು ಡಿಸ್ಕೌಂಟ್ ಡೆಬಿಟ್, ಬಿಲ್ಸ್ ರಿಸೀವಬಲ್ ಕ್ರೆಡಿಟ್ ಎಂದು ಕಲಿತಿರುತ್ತಾರೆ. ಬಿಲ್ಲು ಪುಸ್ತಕದಿಂದ ಹೋಯಿತು. ಆದರೆ ಅದು ಡಿಸ್‌ಆನರ್ ಆದರೆ ಋಣಿ ಡೆಬಿಟ್, ಬ್ಯಾಂಕ್ ಕ್ರೆಡಿಟ್ ಎಂದೂ ಕಲಿತಿರುತ್ತಾರೆ. ಅಂದರೆ ಬ್ಯಾಂಕು ಹಣವನ್ನು ವಾಪಸು ಕೇಳಿದೆ, ಅದೂ ರಿಕೋರ್ಸ್ ಸಹಿತ ವ್ಯವಹಾರವೇ. ಹಳೆಯ ಪದ್ಧತಿ ಅದನ್ನು ಮಾರಾಟದಂತೆ ಬರೆದು, ಹೊಣೆಯನ್ನು ಸಂಭಾವ್ಯ ಹೊಣೆ ಎಂದು ಬ್ಯಾಲೆನ್ಸ್ ಶೀಟಿನ ಅಡಿಟಿಪ್ಪಣಿಗೆ ತಳ್ಳುತ್ತದೆ. ಅದೇ ಅಭ್ಯಾಸದಿಂದ ಫ್ಯಾಕ್ಟರಿಂಗಿನಲ್ಲೂ ಮಕ್ಕಳು ಋಣಿಯನ್ನು ಕ್ರೆಡಿಟ್ ಮಾಡಿಬಿಡುತ್ತಾರೆ. ದೊಡ್ಡ ಕಂಪನಿಗಳು ಪಾಲಿಸುವ ಇಂಡ್ ಎಎಸ್ 109 ಇದನ್ನು ಒಪ್ಪುವುದಿಲ್ಲ. ಬಿಲ್ಲಿನ ಅಪಾಯ ಮತ್ತು ಪ್ರತಿಫಲ ಬಹುಪಾಲು ಮಾರಿದವನಲ್ಲೇ ಉಳಿದಿದ್ದರೆ ಆಸ್ತಿ ಪುಸ್ತಕದಲ್ಲೇ ಇರಬೇಕು, ಬಂದ ಹಣ ಸಾಲವೆಂದು ಕಾಣಬೇಕು ಎನ್ನುತ್ತದೆ ಅದು.

ಇದು ಬರಿಯ ನಿಯಮದ ಮಾತಲ್ಲ. ಮೇಲಿನ ವರ್ಕ್‌ಶಾಪಿನ ಬಂಡವಾಳ 20 ಲಕ್ಷ, ಬ್ಯಾಂಕ್ ಸಾಲ 20 ಲಕ್ಷ ಎಂದುಕೊಳ್ಳಿ. ಮಾರ್ಚ್ 1ರಂದು ರಿಕೋರ್ಸ್ ಸಹಿತ ಮುಂಗಡ ಪಡೆದಿದ್ದಾರೆ. ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ಸಾಲ 28 ಲಕ್ಷ, ಜೊತೆಗೆ 30 ದಿನಗಳ ಬಡ್ಡಿ ಸುಮಾರು ₹7,890 ಕಾಣಬೇಕು. ಬಡ್ಡಿ ಬಿಟ್ಟರೂ ಸಾಲ–ಬಂಡವಾಳ ಅನುಪಾತ 1.4. ಇದನ್ನೇ ಮಾರಾಟವೆಂದು ಬರೆದರೆ ಎಂಟು ಲಕ್ಷ ಮಾಯವಾಗಿ ಅನುಪಾತ 1 ಎಂದು ಕಾಣುತ್ತದೆ. ಅದನ್ನು ನಂಬಿ ಹೊಸ ಸಾಲ ಕೊಡುವವನು ಇಲ್ಲದ ಬಲವನ್ನು ನಂಬುತ್ತಿದ್ದಾನೆ. ಮಾರಾಟ ಕುಗ್ಗದಿದ್ದರೂ ಮಾರ್ಚ್ ಕೊನೆಗೆ ಋಣಿಗಳ ಮೊತ್ತ ಥಟ್ಟನೆ ಇಳಿದಿದ್ದರೆ, ಏಪ್ರಿಲ್‌ನಿಂದಾಚೆ ಫ್ಯಾಕ್ಟರಿಗೆ ವರ್ಕ್‌ಶಾಪಿನಿಂದಲೇ ಹಣ ಹೋಗಿದ್ದರೆ, ಒಪ್ಪಂದದ ಪ್ರತಿ ಕೇಳುವುದು ಒಳಿತು.

ಒಪ್ಪಂದ ಕೈಗೆ ಬಂದಾಗಲೂ ಶೀರ್ಷಿಕೆ ನೋಡಿ ತೃಪ್ತಿಪಡಬಾರದು. "ರಿಕೋರ್ಸ್ ರಹಿತ" ಎಂದು ದಪ್ಪ ಅಕ್ಷರದಲ್ಲಿ ಬರೆದು, ಒಳಗೆಲ್ಲೋ "ಖರೀದಿದಾರನ ಬಾಕಿಯಿಂದಾದ ನಷ್ಟವನ್ನು ಮೊದಲು ರಿಸರ್ವ್ ಹಣದಿಂದ ಮುರಿದುಕೊಳ್ಳಲಾಗುವುದು" ಎಂದಿರಬಹುದು. ಇಂಥ ಬಿಲ್ಲುಗಳಲ್ಲಿ ಸಾಮಾನ್ಯವಾಗಿ ಮುಳುಗುವುದು ನೂರಕ್ಕೆ ಒಂದೋ ಎರಡೋ ಆಗಿದ್ದು, ಮೊದಲ ಇಪ್ಪತ್ತರ ನಷ್ಟ ಮಾರಿದವನದೇ ಆದರೆ, ನಿರೀಕ್ಷಿತ ನಷ್ಟವೆಲ್ಲ ಅವನ ಮೇಲೆಯೇ ಇದೆ. ಹೆಸರು ಏನಿದ್ದರೂ ಅದು ಸಾಲವೇ. ಇದಕ್ಕೆ ವಿರುದ್ಧವಾದ ತಪ್ಪೂ ಬೇಡ. ಸರಕು ಕೆಟ್ಟಿತ್ತೆಂದು ಖರೀದಿದಾರ ಹಣ ತಡೆದರೆ ರಿಕೋರ್ಸ್ ರಹಿತ ಒಪ್ಪಂದದಲ್ಲೂ ಹೊಣೆ ವರ್ಕ್‌ಶಾಪಿನದೇ. ಫ್ಯಾಕ್ಟರ್ ಕೊಂಡದ್ದು ಹಣ ಬಾರದಿರುವ ಅಪಾಯವನ್ನು, ಲೇತ್ ಯಂತ್ರದ ಕೆಲಸದ ಗುಣಮಟ್ಟವನ್ನಲ್ಲ. ಆ ಒಂದು ಷರತ್ತು ಇದೆಯೆಂದು ಮಾರಾಟ ಸಾಲವಾಗಿಬಿಡುವುದಿಲ್ಲ.

ಸಣ್ಣ ಉದ್ದಿಮೆಗಳ ಇನ್‌ವಾಯ್ಸ್‌ಗಳಿಗೆಂದು ರಿಸರ್ವ್ ಬ್ಯಾಂಕಿನ ಅನುಮತಿಯಲ್ಲಿ ನಡೆಯುವ ಟ್ರೆಡ್ಸ್ ವೇದಿಕೆಗಳಲ್ಲಿ ಖರೀದಿದಾರ ಕಂಪನಿ ಮೊದಲು ಆನ್‌ಲೈನಿನಲ್ಲಿ ಬಿಲ್ಲನ್ನು ಒಪ್ಪುತ್ತದೆ, ಆಮೇಲೆ ಬ್ಯಾಂಕುಗಳೂ ಫ್ಯಾಕ್ಟರ್ ಸಂಸ್ಥೆಗಳೂ ಅದಕ್ಕೆ ದರ ಕೂಗುತ್ತವೆ. ಅಲ್ಲಿ ಮಾರುವ ಸಣ್ಣ ಉದ್ದಿಮೆಯ ಮೇಲೆ ರಿಕೋರ್ಸ್ ಇರುವುದಿಲ್ಲ. ವಿದ್ಯಾರ್ಥಿಯ ಮಾವನವರ ಬಿಲ್ಲು ಆ ದಾರಿಯಲ್ಲಿ ಹೋಗುತ್ತಿದ್ದರೆ ಅವರು ಬರೆಯಬೇಕಾದದ್ದು ಎರಡನೇ ಬಗೆಯ ನಮೂದು. ನೇರವಾಗಿ ಫ್ಯಾಕ್ಟರ್ ಜೊತೆ ಒಪ್ಪಂದವಿದ್ದರೆ ಮೊದಲು ಕಾಗದವನ್ನು ಓದಬೇಕು.