ಹತ್ತನೇ ತಾರೀಕಿನೊಳಗೆ ಹೇಳಿಬಿಡಿ

ಫೆಬ್ರವರಿ 14 ಹತ್ತಿರ ಬಂದರೆ ಬೆಂಗಳೂರಿನ ಹೂವಿನಂಗಡಿಗಳ ವಾಟ್ಸಾಪ್ ಸ್ಟೇಟಸ್‌ಗಳೆಲ್ಲ ಒಂದೇ ಮಾತಾಡುತ್ತವೆ: 'ನಿಮ್ಮ ಪ್ರೀತಿಯನ್ನು ಹೂವಿನಲ್ಲಿ ಹೇಳಿ'. ಓದಿದವರು ಮುಗುಳ್ನಕ್ಕು ಮುಂದೆ ಹೋಗುತ್ತಾರೆ. ಏನು ಸಿಗುತ್ತದೆ, ಎಷ್ಟಕ್ಕೆ, ಎಂದಿನೊಳಗೆ ಹೇಳಬೇಕು ಎಂಬ ಮೂರೂ ಅದರಲ್ಲಿಲ್ಲ.

ಈ ಮೂರರಲ್ಲಿ ಗಡುವೇ ಮುಖ್ಯ. ಹೊಸೂರು, ದೊಡ್ಡಬಳ್ಳಾಪುರದ ಪಾಲಿಹೌಸ್‌ಗಳ ಕೆಂಪು ಗುಲಾಬಿಗೆ ಆ ವಾರ ವಿದೇಶದಿಂದಲೂ ಬೇಡಿಕೆ ಇರುತ್ತದೆ, ದರ ದಿನದಿನಕ್ಕೂ ಏರುತ್ತದೆ. ಮುಂಗಡ ಬುಕಿಂಗ್ ಇದ್ದರೆ ಎಷ್ಟು ಹೂ ಬೇಕೆಂದು ಸಗಟು ವ್ಯಾಪಾರಿಗೆ ಮೊದಲೇ ಹೇಳಬಹುದು. ಇಲ್ಲದಿದ್ದರೆ 13ರ ಬೆಳಗಿನ ದರಕ್ಕೇ ತಲೆಬಾಗಬೇಕು.

ಒಂದು ಸಣ್ಣ ಅಂಗಡಿಯ ಲೆಕ್ಕ ನೋಡೋಣ. ಇಬ್ಬರು ಕೆಲಸಗಾರರು, ಹತ್ತು ಗುಲಾಬಿಯ ಬೊಕೆ, ಬುಕಿಂಗ್ ನಲವತ್ತಕ್ಕೆ ಸೀಮಿತ. ಬೇಕಾಗುವುದು 400 ಹೂ. ಇಪ್ಪತ್ತರ ಕಟ್ಟಿನ ಲೆಕ್ಕದಲ್ಲಿ 20 ಕಟ್ಟು. ಕತ್ತು ಬಾಗಿದವು, ಎಸಳು ನಲುಗಿದವು ಬಂದೇ ಬರುತ್ತವೆ, ಆದ್ದರಿಂದ 22 ಕಟ್ಟು ತರಿಸುವುದು ಕ್ಷೇಮ. ಹೂ ಬಂದ ಮೇಲೆ ಕಾಂಡದ ತುದಿ ಓರೆಯಾಗಿ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತಂಪಿನಲ್ಲಿ ಕೆಲವು ಗಂಟೆ ನೀರು ಕುಡಿಸಬೇಕು. ಇಷ್ಟಕ್ಕೆಲ್ಲ ಸಮಯ ಬೇಕಲ್ಲ, ಅದಕ್ಕೇ ಗಡುವು 10ನೇ ತಾರೀಕು.

ಆಗ ಸ್ಟೇಟಸ್ ಹೀಗಿರಬಹುದು: 'ಹತ್ತು ಕೆಂಪು ಗುಲಾಬಿ, ಜೊತೆಗೆ ನಿಮ್ಮ ಎರಡು ಸಾಲು ನಮ್ಮ ಕೈಬರಹದಲ್ಲಿ. ಫೆ. 10ರ ರಾತ್ರಿ 8ರೊಳಗೆ ಅರ್ಧ ಹಣ ಕಳಿಸಿದರೆ ಇದೇ ಬೆಲೆ.' ಕೆಳಗೆ ಬೆಲೆ, ತಲುಪಿಸುವ ಬಡಾವಣೆಗಳ ಹೆಸರು. ಕೈಬರಹದ ಚೀಟಿಗೆ ಖರ್ಚಿಲ್ಲ. ಆದರೆ ಆ ಎರಡು ಸಾಲು ಕಳಿಸುವಾಗಲೇ ಗಿರಾಕಿ ಮನಸ್ಸು ಗಟ್ಟಿಮಾಡಿಕೊಂಡಿರುತ್ತಾರೆ.

ಚಿತ್ರ ಇಂಟರ್ನೆಟ್‌ನಿಂದ ತೆಗೆದದ್ದು ಬೇಡ. ಬೆಳಗ್ಗೆ ಬಾಗಿಲ ಬೆಳಕಿನಲ್ಲಿ, ನೀವೇ ಕಟ್ಟಿದ ಬೊಕೆಯನ್ನು ಕೈಯಲ್ಲಿ ಹಿಡಿದು ತೆಗೆಯಿರಿ. ಕೈ ಕಂಡರೆ ಬೊಕೆ ಎಷ್ಟು ದೊಡ್ಡದೆಂದು ತಿಳಿಯುತ್ತದೆ, ಆಮೇಲೆ 'ಚಿತ್ರದಲ್ಲಿ ಇಷ್ಟಿರಲಿಲ್ಲ' ಎಂಬ ಜಗಳವಿರುವುದಿಲ್ಲ.

ಮೊದಲ ಸ್ಟೇಟಸ್ ತಿಂಗಳ ಆರಂಭದಲ್ಲಿ ಹಾಕಿ. 6ರ ಸುಮಾರಿಗೆ 'ನಲವತ್ತರಲ್ಲಿ ಹನ್ನೊಂದು ಉಳಿದಿವೆ' ಎಂದು ಬರೆಯಿರಿ, ಹನ್ನೊಂದೇ ಉಳಿದಿದ್ದರೆ ಮಾತ್ರ. ನಲವತ್ತು ತುಂಬಿದ ದಿನ 'ಬುಕಿಂಗ್ ಮುಗಿಯಿತು' ಎಂದು ಹಾಕಲೇಬೇಕು. ಆಸೆಗೆ ಬಿದ್ದು ಐವತ್ತಕ್ಕೆ ಒಪ್ಪಿಕೊಂಡರೆ ಕೊನೆಯ ಹತ್ತು ಮನೆಗೆ ಹೂ ಬಾಡಿ ತಲುಪುತ್ತದೆ.

ಇನ್ನೊಂದು ಮಾತು. 2027ರಲ್ಲಿ ಫೆಬ್ರವರಿ 14 ಭಾನುವಾರ, ಬಹಳಷ್ಟು ಆಫೀಸುಗಳಿಗೆ ಬೀಗ. ಬುಕಿಂಗ್ ತೆಗೆದುಕೊಳ್ಳುವಾಗಲೇ ಮನೆ ವಿಳಾಸ ಕೇಳಿ ಬರೆದಿಟ್ಟುಕೊಳ್ಳಿ.