ಫೋಟೋದಲ್ಲಿದ್ದ ಪದಪಟ್ಟಿ ಕಾರ್ಡ್ ಆದ ಬಗೆ

ಅಕ್ಕನ ಮಗಳು ನರ್ಸ್. ಜರ್ಮನಿಗೆ ಹೋಗಬೇಕೆಂದು ಜರ್ಮನ್ ಭಾಷೆ ಕಲಿಯುತ್ತಿದ್ದಾಳೆ. ಅವಳ ಮೇಷ್ಟ್ರು ವಾರಕ್ಕೊಂದು ಪದಪಟ್ಟಿಯನ್ನು ಫೋಟೋ ತೆಗೆದು ಕಳಿಸುತ್ತಾರೆ: ಎಡಗಡೆ ಜರ್ಮನ್, ಬಲಗಡೆ ಕನ್ನಡ, ಒಟ್ಟು 20 ಸಾಲು. ಇದನ್ನು ಆಂಕಿ ಎಂಬ ಉಚಿತ ಆ್ಯಪ್‌ಗೆ ಹಾಕಿದರೆ ಒಂದೊಂದು ಪದವೂ ಒಂದೊಂದು ಕಾರ್ಡ್ ಆಗುತ್ತದೆ. ಆದರೆ ಆಂಕಿಗೆ ಫೋಟೋದ ಪಟ್ಟಿ ತಿಳಿಯದು. ಅದಕ್ಕೆ ಎರಡು ಕಾಲಂ ಇರುವ ಅಕ್ಷರದ ಫೈಲ್ ಬೇಕು. ಕಳೆದ ತಿಂಗಳು ಇಬ್ಬರೂ ಕೂತು ಈ ಕೆಲಸ ಮಾಡಿದೆವು.

ಚಿತ್ರದಿಂದ ಅಕ್ಷರ ಎತ್ತಿಕೊಡುವ ಸೌಲಭ್ಯ ಈಗ ಗೂಗಲ್ ಲೆನ್ಸ್‌ನಲ್ಲೇ ಇದೆ. ತೊಡಕು ಪಟ್ಟಿಯದು. ಇಡೀ ಪುಟವನ್ನು ಒಮ್ಮೆಗೇ ಓದಿಸಿದಾಗ ಯಾವ ಪದ ಯಾವ ಕಾಲಂನದು ಎಂಬುದೇ ಕಲಸಿಹೋಗುತ್ತದೆ. ಹಾಗಾಗಿ ಒಂದೇ ಫೋಟೋವನ್ನು ಎರಡು ಬಾರಿ ಕತ್ತರಿಸಿದೆವು, ಒಂದರಲ್ಲಿ ಜರ್ಮನ್ ಕಾಲಂ ಮಾತ್ರ, ಇನ್ನೊಂದರಲ್ಲಿ ಕನ್ನಡ ಮಾತ್ರ. ಎರಡನ್ನೂ ಬೇರೆಬೇರೆ ಓದಿಸಿ, ಸಿಕ್ಕ ಅಕ್ಷರಗಳನ್ನು ಗೂಗಲ್ ಶೀಟ್ಸ್‌ನ A ಮತ್ತು B ಕಾಲಂಗಳಲ್ಲಿ ಅಂಟಿಸಿದೆವು. ವಾಟ್ಸ್ಆ್ಯಪ್ ಮಾಮೂಲಾಗಿ ಫೋಟೋವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಮೇಷ್ಟ್ರನ್ನು ಕೇಳಿಕೊಂಡ ಮೇಲೆ ಓದು ಎಷ್ಟೋ ಸುಧಾರಿಸಿತು.

ಅಂಟಿಸಿ ನೋಡಿದರೆ A ಕಾಲಂನಲ್ಲಿ 20 ಸಾಲು, B ಕಾಲಂನಲ್ಲಿ 21. ಏಳನೇ ಸಾಲಿನಿಂದ ಹೀಗಿತ್ತು:

```
die Abfahrt	ರೈಲು, ಬಸ್ ಹೊರಡುವುದು;
die Fahrkarte	ಹೊರಡುವ ಸಮಯ
das Gleis	ಟಿಕೆಟ್
die Straße	ರೈಲು ಹಳಿ
```

ಏಳನೇ ಪದದ ಅರ್ಥ ಉದ್ದವಾದದ್ದರಿಂದ ಪಟ್ಟಿಯ ಮನೆಯೊಳಗೆ ಎರಡು ಸಾಲಾಗಿ ಮುರಿದಿತ್ತು. ಓದುವ ಯಂತ್ರ ಅದನ್ನು ಎರಡು ಬೇರೆ ಸಾಲು ಎಂದುಕೊಂಡಿತು. ಅಲ್ಲಿಂದ ಕೆಳಗಿನ 13 ಪದಗಳಿಗೂ ಮೇಲಿನ ಮನೆಯ ಅರ್ಥ ಬಂದು ಕೂತಿತ್ತು. ಒಂದು ಅಕ್ಷರ ತಪ್ಪಿದರೆ ಒಂದು ಕಾರ್ಡ್ ಕೆಡುತ್ತದೆ, ಒಂದು ಸಾಲು ಜಾರಿದರೆ ಅದರ ಕೆಳಗಿನದೆಲ್ಲ ಕೆಡುತ್ತದೆ. ಅದಕ್ಕೇ ಅಕ್ಷರ ತಿದ್ದುವ ಮೊದಲು ಸಾಲು ಎಣಿಸಬೇಕು. ಮುರಿದ ತುಂಡನ್ನು ಮೇಲಿನ ಮನೆಗೆ ಸೇರಿಸಿ, ಖಾಲಿಯಾದ ಮನೆಯನ್ನು B ಕಾಲಂನಲ್ಲಿ ಮಾತ್ರ ಅಳಿಸಿದಾಗ ಉಳಿದವು ತಮ್ಮ ಜಾಗಕ್ಕೆ ಬಂದವು.

ಎಣಿಕೆ ಸರಿ ಬಂದರೂ ಪೂರ್ತಿ ನಂಬುವಂತಿಲ್ಲ. ಮುಂದಿನ ಪುಟದಲ್ಲಿ ಎರಡೂ ಕಡೆ 20 ಇತ್ತು. ಆದರೆ ಮಸುಕಾಗಿದ್ದ ಒಂದು ಅರ್ಥ ಬಿಟ್ಟುಹೋಗಿತ್ತು, ಕೆಳಗೆ ಇನ್ನೊಂದು ಅರ್ಥ ಎರಡಾಗಿ ಮುರಿದಿತ್ತು. ಮೊದಲ ಸಾಲೂ ಸರಿ, ಕೊನೆಯದೂ ಸರಿ, ನಡುವಿನವು ಮಾತ್ರ ಅದಲುಬದಲು. ಆಮೇಲೆ ಪ್ರತಿ ಐದನೇ ಸಾಲನ್ನು ಫೋಟೋದೊಂದಿಗೆ ಹೋಲಿಸುವುದನ್ನು ರೂಢಿ ಮಾಡಿಕೊಂಡೆವು.

ಇನ್ನು ಅಕ್ಷರ. ಜರ್ಮನ್‌ನ ß ಅಕ್ಷರ ಎಷ್ಟೋ ಸಲ B ಆಗಿ ಬರುತ್ತದೆ. ಅದು ನೋಡಿದೊಡನೆ ಕಣ್ಣಿಗೆ ಬೀಳುತ್ತದೆ. ಕಷ್ಟ ಅಕ್ಷರದ ಮೇಲಿನ ಎರಡು ಚುಕ್ಕಿಗಳದು. `schön` ಎಂದರೆ ಸುಂದರ, `schon` ಎಂದರೆ ಆಗಲೇ. ಚುಕ್ಕಿ ಬಿದ್ದುಹೋದರೂ ಉಳಿಯುವುದು ಸರಿಯಾದ ಪದವೇ, ಹಾಗಾಗಿ ಕಾಗುಣಿತ ತಪಾಸಣೆಗೆ ಸಿಗುವುದಿಲ್ಲ. ಪಕ್ಕದ ಅರ್ಥ ಓದಿಯೇ ಹಿಡಿಯಬೇಕು. ಕನ್ನಡದ ಕಡೆ ಒತ್ತಕ್ಷರ ಮತ್ತು ದೀರ್ಘಗಳನ್ನು ನೋಡಿಕೊಂಡರೆ ಬಹುಪಾಲು ತಪ್ಪು ಸಿಕ್ಕಿಬಿಡುತ್ತದೆ.

ತಿದ್ದಿದ ಮೇಲೆ ಶೀಟ್ಸ್‌ನಿಂದ ಟಿಎಸ್‌ವಿ ಫೈಲ್ ಇಳಿಸಿಕೊಳ್ಳಬೇಕು. ಅದರಲ್ಲಿ ಎರಡು ಕಾಲಂಗಳ ನಡುವೆ ಇರುವುದು ಟ್ಯಾಬ್. ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸುವ ಸಿಎಸ್‌ವಿ ಕೂಡ ನಡೆಯುತ್ತದೆ, ಆದರೆ ನಮ್ಮ ಅರ್ಥಗಳೊಳಗೇ ಅಲ್ಪವಿರಾಮ ಇರುವುದರಿಂದ ಟ್ಯಾಬ್ ನಿಶ್ಚಿಂತೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಮೇಲೆ ಎರಡು ಸಾಲು ಸೇರಿಸಿದೆವು:

```
#separator:tab
#html:false
die Abfahrt	ರೈಲು, ಬಸ್ ಹೊರಡುವುದು; ಹೊರಡುವ ಸಮಯ
die Fahrkarte	ಟಿಕೆಟ್
das Gleis	ರೈಲು ಹಳಿ
```

ಕಾಲಂ ಬೇರೆ ಮಾಡುವುದು ಟ್ಯಾಬ್ ಎಂದು ಮೊದಲ ಸಾಲು ಆಂಕಿಗೆ ಹೇಳುತ್ತದೆ. ಅಕ್ಷರಗಳನ್ನು ವೆಬ್ ಪುಟದ ಸಂಕೇತಗಳೆಂದು ತಿಳಿಯಬೇಡ ಎನ್ನುವುದು ಎರಡನೆಯದು. ಉಳಿಸುವಾಗ `UTF-8` ಇರಲಿ, ಇಲ್ಲದಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನೆಚಿಹ್ನೆಗಳು ಬಂದಾವು. ಆಮೇಲೆ ಕಂಪ್ಯೂಟರಿನ ಆಂಕಿಯಲ್ಲಿ `File > Import` ಒತ್ತಿ, ಮೊದಲ ಕಾಲಂ `Front`, ಎರಡನೆಯದು `Back` ಎಂದು ಖಚಿತಪಡಿಸಿಕೊಂಡರೆ ಮುಗಿಯಿತು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಆಂಕಿ ಕಾರ್ಡನ್ನು ಗುರುತಿಸುವುದು ಮೊದಲ ಕಾಲಂನಿಂದ. `die Bank` ಎಂದರೆ ಹಣ ಇಡುವ ಬ್ಯಾಂಕೂ ಹೌದು, ಕೂರುವ ಬೆಂಚೂ ಹೌದು. ಹಿಂದಿನ ವಾರ ಬ್ಯಾಂಕ್ ಸೇರಿಸಿ ಈ ವಾರ ಬೆಂಚ್ ಸೇರಿಸಿದರೆ, ಆಯ್ಕೆ ಬದಲಿಸದಿದ್ದಲ್ಲಿ ಹೊಸ ಅರ್ಥ ಹಳೆಯದರ ಮೇಲೆ ಕೂರುತ್ತದೆ. ನಾವು ಬಹುವಚನವನ್ನೂ ಜೊತೆಗೆ ಬರೆದು ಬೇರ್ಪಡಿಸಿದೆವು: ಬೆಂಚಿಗೆ `die Bank, Bänke`, ಬ್ಯಾಂಕಿಗೆ `die Bank, Banken`.

ನೀವೂ ಮಾಡುವುದಾದರೆ ಮೊದಲು ಐದೇ ಸಾಲಿನ ಫೈಲ್ ಮಾಡಿ ಸೇರಿಸಿ ನೋಡಿ. ಆ ಐದು ಕಾರ್ಡುಗಳ ಎರಡೂ ಮುಖ ಸರಿ ಕಂಡ ಮೇಲೆ ಉಳಿದದ್ದನ್ನು ಸೇರಿಸಿ.